ಕೇಸು ಬಿದ್ದ ಕೂಡಲೇ ನಷ್ಟವಲ್ಲ, ಅಪೀಲು ಹಾಕಿದರೆ ನಷ್ಟ ಹೋಗುವುದೂ ಇಲ್ಲ

ಮಾನ್ಯ ಸಂಪಾದಕರೇ,

ಕಂಪನಿಗಳ ಮೇಲಿರುವ ಕೋರ್ಟ್ ಕೇಸುಗಳ ಬಗ್ಗೆ ನಿಮ್ಮ ಓದುಗರ ಅಂಕಣದಲ್ಲಿ ಇತ್ತೀಚೆಗೆ ಎರಡು ಪತ್ರ ಓದಿದೆ. ಮೊದಲನೆಯವರು, ಕೇಸು ಬಿದ್ದ ವರ್ಷವೇ ಅಷ್ಟೂ ಮೊತ್ತವನ್ನು ಲಾಭದಿಂದ ಕಳೆಯಬೇಕು, ಕಳೆಯದಿದ್ದರೆ ಅದು ಷೇರುದಾರರಿಗೆ ಮೋಸ ಎಂದು ಬರೆದಿದ್ದರು. ಅವರಿಗೆ ಉತ್ತರ ಕೊಟ್ಟವರು, ಕೊನೆಯ ತೀರ್ಪು ಬರುವ ತನಕ ಏನೂ ಬರೆಯಬೇಕಿಲ್ಲ, ಲೆಕ್ಕಪತ್ರದ ಜೊತೆಗಿರುವ ಟಿಪ್ಪಣಿಯಲ್ಲಿ ಒಂದು ಸಾಲು ಹಾಕಿದರೆ ಸಾಕು ಎಂದಿದ್ದರು. ಇಬ್ಬರೂ ಕಾಳಜಿಯಿಂದಲೇ ಬರೆದಿದ್ದಾರೆ. ಆದರೆ ಲೆಕ್ಕದ ನಿಯಮ ಇವರಿಬ್ಬರೂ ಹೇಳಿದ ಹಾಗಿಲ್ಲ. ನಮ್ಮ ಜಿಲ್ಲೆಗಳಲ್ಲಿ ಮನೆಮನೆಯಲ್ಲಿ ಷೇರು ಇರುವವರಿದ್ದಾರೆ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸಿತು.

ಸಣ್ಣ ಕಂಪನಿಗಳಿಗೂ ಬ್ಯಾಂಕುಗಳಿಗೂ ಈ ವಿಷಯದಲ್ಲಿ ಅನ್ವಯಿಸುವುದು ಲೆಕ್ಕಪತ್ರ ಮಾನದಂಡ 29. ಷೇರುಪೇಟೆಯಲ್ಲಿರುವ ಇತರ ಕಂಪನಿಗಳಿಗೆ ಇಂಡ್ ಎಎಸ್ 37. ಸಣ್ಣಪುಟ್ಟ ವ್ಯತ್ಯಾಸಗಳಿದ್ದರೂ ಮುಖ್ಯ ಪರೀಕ್ಷೆ ಎರಡರಲ್ಲೂ ಒಂದೇ. ಹಿಂದೆ ನಡೆದ ಒಂದು ಘಟನೆಯಿಂದ ಮಾರ್ಚ್ 31ರಂದು ಕಂಪನಿಯ ಮೇಲೆ ಹೊಣೆ ಇರಬೇಕು. ಅದನ್ನು ತೀರಿಸಲು ಹಣ ಹೊರಗೆ ಹೋಗುವ ಸಾಧ್ಯತೆ, ಹೋಗದಿರುವ ಸಾಧ್ಯತೆಗಿಂತ ಜಾಸ್ತಿ ಇರಬೇಕು. ಮೊತ್ತವನ್ನು ನಂಬುವ ಹಾಗೆ ಅಂದಾಜು ಮಾಡಲು ಬರಬೇಕು. ಈ ಮೂರೂ ಇದ್ದರೆ ಅದು ಪ್ರಾವಿಷನ್, ಅಂದರೆ ಮುಂದೆ ಕೊಡಬೇಕಾಗುವ ಹಣವನ್ನು ಅಂದಾಜು ಮಾಡಿ ಈಗಲೇ ಹೊಣೆಯಾಗಿ ಬರೆಯುವ ಮೊತ್ತ. ಲಾಭದಿಂದ ಕಳೆಯಲೇಬೇಕು. ಯಾವುದಾದರೂ ಒಂದು ಇಲ್ಲದಿದ್ದರೆ ಅದು ಕಂಟಿಂಜೆಂಟ್ ಲಯಬಿಲಿಟಿ, ಅಂದರೆ ಟಿಪ್ಪಣಿಯಲ್ಲಿ ತಿಳಿಸಬೇಕಾದ ಸಂಭಾವ್ಯ ಹೊಣೆ. ಹಣ ಹೋಗುವ ಸಾಧ್ಯತೆ ತೀರಾ ದೂರದ್ದಾದರೆ ಟಿಪ್ಪಣಿಯೂ ಬೇಡ.

ಮಾತಿನಲ್ಲಿ ಇದು ಸುಲಭ. ಕಷ್ಟ ಗೊತ್ತಾಗುವುದು ಒಂದು ಕೇಸನ್ನು ವರ್ಷದಿಂದ ವರ್ಷಕ್ಕೆ ಹಿಡಿದುಕೊಂಡು ಹೋದಾಗ. ಒಂದು ಉದಾಹರಣೆ ಕಟ್ಟುತ್ತೇನೆ. ಅಂಕಿಗಳೆಲ್ಲ ನಾನೇ ಹಾಕಿದ್ದು.

ಬೈಕಂಪಾಡಿಯಲ್ಲಿ ಒಂದು ಕೋಲ್ಡ್ ಸ್ಟೋರೇಜ್ ಕಂಪನಿ ಇದೆ ಎಂದುಕೊಳ್ಳಿ. 2022ರ ಜುಲೈಯ ಮಳೆಯಲ್ಲಿ ರಾತ್ರಿ ಕರೆಂಟ್ ಹೋಯಿತು, ಜನರೇಟರ್ ಸ್ಟಾರ್ಟ್ ಆಗಲಿಲ್ಲ. ಮೈನಸ್ 18 ಡಿಗ್ರಿಯಲ್ಲಿ ಇರಬೇಕಾದ ಕೋಣೆಯೊಳಗೆ ಬಿಸಿ ಏರಿತು. ರಫ್ತಿಗೆ ಇಟ್ಟಿದ್ದ ಸಿಗಡಿ ಕರಗಿ ಹಾಳಾಯಿತು. ಸಿಗಡಿಯ ಮಾಲೀಕರು ಅಕ್ಟೋಬರ್ 1ರಂದು 90 ಲಕ್ಷ ರೂಪಾಯಿಗೆ ದಾವೆ ಹಾಕಿದರು. ಸರಕಿನ ಬೆಲೆ 60 ಲಕ್ಷ, ಕೈತಪ್ಪಿದ ವಿದೇಶಿ ಆರ್ಡರಿನ ಲಾಭ 30 ಲಕ್ಷ.

ಇಲ್ಲಿ ಹೊಣೆ ಹುಟ್ಟಿಸುವ ಘಟನೆ ಯಾವುದು? ದಾವೆ ಹಾಕಿದ ದಿನವೂ ಅಲ್ಲ, ತೀರ್ಪಿನ ದಿನವೂ ಅಲ್ಲ. ಸಿಗಡಿ ಕರಗಿದ ಆ ರಾತ್ರಿ. ಎರಡನೆಯ ಪತ್ರದವರು ಎಡವಿದ್ದು ಇಲ್ಲೇ. ನ್ಯಾಯಾಲಯ ಹೊಸದಾಗಿ ಹೊಣೆ ಹುಟ್ಟಿಸುವುದಿಲ್ಲ. ಆ ರಾತ್ರಿಯೇ ಹೊಣೆ ಇತ್ತೋ ಇಲ್ಲವೋ ಎಂದು ಹೇಳುತ್ತದೆ, ಅಷ್ಟೇ. ಅಂದರೆ ಮಾಲೀಕರು ಇನ್ನೂ ದಾವೆ ಹಾಕದಿದ್ದರೂ, ತಪ್ಪು ಕಂಪನಿಯದ್ದೆಂದು ಸ್ಪಷ್ಟವಿದ್ದು ಅವರು ಹಣ ಕೇಳುವುದು ಖಚಿತವಿದ್ದರೆ, ಪ್ರಾವಿಷನ್ ಮಾಡಬೇಕಾಗಬಹುದು.

ಈಗ 2023ರ ಮಾರ್ಚ್ 31. ಕಂಪನಿಯ ವಕೀಲರ ಅಭಿಪ್ರಾಯ ಹೀಗಿದೆ: ಸರಕು ಒಳಗೆ ಬರುವಾಗಲೇ ಸರಿಯಾಗಿ ಹೆಪ್ಪುಗಟ್ಟಿರಲಿಲ್ಲ ಎಂಬುದಕ್ಕೆ ಒಳಬರುವಾಗಿನ ತಾಪಮಾನದ ದಾಖಲೆ ಇದೆ, ನಾವು ಗೆಲ್ಲುವ ಸಾಧ್ಯತೆ ಹೆಚ್ಚು. ಆ ಮಾತಿಗೆ ಕಾಗದದ ಆಧಾರ ಇದ್ದರೆ ಪ್ರಾವಿಷನ್ ಬೇಡ. 90 ಲಕ್ಷವನ್ನು ಟಿಪ್ಪಣಿಯಲ್ಲಿ ತೋರಿಸಿದರೆ ಸಾಕು. ಮೊದಲ ಪತ್ರದವರು ಹೇಳಿದಂತೆ ಅಷ್ಟನ್ನೂ ಲಾಭದಿಂದ ಕಳೆದರೆ ಅದೂ ತಪ್ಪು ಲೆಕ್ಕ. ಯಾರು ಬೇಕಾದರೂ ಎಷ್ಟು ಬೇಕಾದರೂ ಕ್ಲೇಮು ಹಾಕಬಹುದು, ಅಲ್ವಾ? ಅದಕ್ಕೆಲ್ಲ ಪ್ರಾವಿಷನ್ ಮಾಡುತ್ತಾ ಹೋದರೆ ಒಳ್ಳೆಯ ವರ್ಷದಲ್ಲಿ ಲಾಭ ಮುಚ್ಚಿಟ್ಟು ಕೆಟ್ಟ ವರ್ಷದಲ್ಲಿ ಹೊರಗೆ ತೆಗೆಯಲು ದಾರಿಯಾಗುತ್ತದೆ. ಮಾನದಂಡ ಇದನ್ನು ಒಪ್ಪುವುದಿಲ್ಲ. ಯಾವ ಖರ್ಚಿಗೆಂದು ಪ್ರಾವಿಷನ್ ಮಾಡಿದ್ದೋ ಅದನ್ನು ಆ ಖರ್ಚಿಗೆ ಮಾತ್ರ ಬಳಸಬೇಕು.

ಮುಂದಿನ ವರ್ಷ ಚಿತ್ರ ಬದಲಾಗುತ್ತದೆ. ನ್ಯಾಯಾಲಯ ನೇಮಿಸಿದ ತಜ್ಞರು ತಾಪಮಾನದ ದಾಖಲೆ ಪೂರ್ತಿ ನೋಡಿ, ಸರಕು ಒಳಬರುವಾಗ ಸರಿಯಾಗಿಯೇ ಇತ್ತು, ಅಲಾರಂ ಹೊಡೆದರೂ ಯಾರೂ ಎದ್ದು ಹೋಗಲಿಲ್ಲ ಎಂದು ವರದಿ ಕೊಟ್ಟರು. ಈಗ ವಕೀಲರೇ ಹೇಳುತ್ತಾರೆ: ಸರಕಿನ ಬೆಲೆ ಕೊಡಬೇಕಾಗಿ ಬರಬಹುದು, ಆದರೆ ಆರ್ಡರಿನ ಲಾಭ ದೂರದ, ಪರೋಕ್ಷ ನಷ್ಟ, ಕರಾರು ಕಾಯ್ದೆಯ 73ನೇ ಸೆಕ್ಷನ್ ಪ್ರಕಾರ ಅದು ಸಿಗುವುದು ಕಷ್ಟ.

2024ರ ಮಾರ್ಚ್ 31ರಂದು ಎಷ್ಟು ಬರೆಯಬೇಕು? ಕೆಲವರು 90 ಲಕ್ಷಕ್ಕೆ ಸೋಲುವ ಶೇಕಡಾವಾರು ಹಾಕಿ ಗುಣಿಸಿಬಿಡುತ್ತಾರೆ. ಸಾವಿರಾರು ಗ್ರಾಹಕರ ವಾರಂಟಿ ಕ್ಲೇಮಿನಂಥದ್ದಕ್ಕೆ ಅಂಥ ಸರಾಸರಿ ಸರಿ. ಒಂದೇ ಒಂದು ಕೇಸಿಗೆ ಸಾಮಾನ್ಯವಾಗಿ ನೋಡುವುದು ಆಗುವ ಸಾಧ್ಯತೆ ಅತಿ ಹೆಚ್ಚು ಇರುವ ಫಲಿತಾಂಶವನ್ನು. ಇಲ್ಲಿ ಅದು 60 ಲಕ್ಷ, ಜೊತೆಗೆ ಬಡ್ಡಿ. ದಾವೆಯ ದಿನದಿಂದ ನ್ಯಾಯಾಲಯ ಶೇಕಡಾ 6 ಕೊಡಬಹುದೆಂದು ವಕೀಲರು ಅಂದಾಜಿಸಿದರೆ, ಒಂದೂವರೆ ವರ್ಷಕ್ಕೆ 5.4 ಲಕ್ಷ. ಒಟ್ಟು ಪ್ರಾವಿಷನ್ 65.4 ಲಕ್ಷ. ಉಳಿದ 30 ಲಕ್ಷ ಟಿಪ್ಪಣಿಯಲ್ಲೇ ಮುಂದುವರಿಯುತ್ತದೆ. ಒಂದೇ ಕೇಸಿನ ಒಂದು ಭಾಗ ಲಾಭ-ನಷ್ಟ ಖಾತೆಯಲ್ಲಿ, ಇನ್ನೊಂದು ಭಾಗ ಟಿಪ್ಪಣಿಯಲ್ಲಿ ಇರಬಹುದು ಎಂಬುದನ್ನು ಆಡಳಿತ ಮಂಡಳಿಯಲ್ಲಿ ಕೂತವರೂ ಎಷ್ಟೋ ಸಲ ಒಪ್ಪುವುದಿಲ್ಲ.

ವಿಮೆ ಇದೆಯಲ್ಲ ಎಂಬ ಪ್ರಶ್ನೆ ಆಗ ಬಂದೇ ಬರುತ್ತದೆ. ಹಣ ಹೊರಗೆ ಹೋಗುವುದಕ್ಕೂ ಒಳಗೆ ಬರುವುದಕ್ಕೂ ನಿಯಮ ಒಂದೇ ಅಳತೆ ಇಟ್ಟಿಲ್ಲ. ಹೋಗುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಇದ್ದರೆ ಬರೆಯಬೇಕು. ಬರುವುದನ್ನು ಬರೆಯಲು ಅದು ಹೆಚ್ಚುಕಡಿಮೆ ಖಚಿತವಾಗಿರಬೇಕು. ಸರ್ವೇಯರ್ ಬಂದು ನೋಡಿ ಹೋದರು ಎಂಬುದು ಸಾಲದು. ವಿಮಾ ಕಂಪನಿ 40 ಲಕ್ಷ ಕೊಡುತ್ತೇವೆಂದು ಲಿಖಿತವಾಗಿ ಒಪ್ಪಿದರೆ ಅದನ್ನು ಬೇರೆ ಆಸ್ತಿಯಾಗಿ ತೋರಿಸಬಹುದು. ಆಗಲೂ ಬ್ಯಾಲೆನ್ಸ್ ಶೀಟಿನಲ್ಲಿ ಹೊಣೆ 65.4 ಲಕ್ಷವೇ. ಕಳೆದು 25.4 ಎಂದು ತೋರಿಸಲು ಅವಕಾಶ ಇರುವುದು ಲಾಭ-ನಷ್ಟ ಖಾತೆಯಲ್ಲಿ ಮಾತ್ರ. ಯಾಕೆಂದರೆ ವಿಮಾ ಕಂಪನಿ ಕೈಕೊಟ್ಟರೂ ಸಿಗಡಿಯವರಿಗೆ ಪೂರ್ತಿ ಕೊಡಬೇಕಾದವರು ಕೋಲ್ಡ್ ಸ್ಟೋರೇಜಿನವರೇ.

2025ರ ಮೇ ತಿಂಗಳಲ್ಲಿ ತೀರ್ಪು ಬಂತು. ಸರಕಿನ 60 ಲಕ್ಷ, ಅದಕ್ಕೆ ಶೇಕಡಾ 6 ಬಡ್ಡಿ, ಆರ್ಡರಿನ ಲಾಭದ ಲೆಕ್ಕದಲ್ಲಿ ಬಡ್ಡಿಯಿಲ್ಲದೆ 10 ಲಕ್ಷ. ಮಾರ್ಚ್ ಮುಗಿದಿದೆ, ಆದರೆ ಆಡಳಿತ ಮಂಡಳಿ ಇನ್ನೂ ಲೆಕ್ಕ ಒಪ್ಪಿಲ್ಲ. ತೀರ್ಪು ಬಂದದ್ದು ಹೊಸ ವರ್ಷದಲ್ಲಿ, ಇದನ್ನು ಮುಂದಿನ ವರ್ಷಕ್ಕೆ ಬರೆಯೋಣ ಎಂಬ ಮಾತನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಅದು ನಡೆಯುವುದಿಲ್ಲ. ಮಾರ್ಚ್ 31ರಂದು ಆಗಲೇ ಇದ್ದ ಸ್ಥಿತಿಗೆ ಈ ತೀರ್ಪು ಹೆಚ್ಚಿನ ಸಾಕ್ಷಿ. ಆದ್ದರಿಂದ ಹಳೆಯ ವರ್ಷದ ಲೆಕ್ಕವನ್ನೇ ತಿದ್ದಬೇಕು: 60 ಲಕ್ಷ, ಎರಡೂವರೆ ವರ್ಷದ ಬಡ್ಡಿ 9 ಲಕ್ಷ, ಮತ್ತೆ 10 ಲಕ್ಷ, ಒಟ್ಟು 79 ಲಕ್ಷ.

ಕಂಪನಿ ಹೈಕೋರ್ಟಿಗೆ ಅಪೀಲು ಹಾಕಿತು. ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪುವುದು ಈ ಹಂತದಲ್ಲಿ. "ವಿಷಯ ನ್ಯಾಯಾಲಯದ ಮುಂದಿರುವುದರಿಂದ ಪ್ರಾವಿಷನ್ ಅಗತ್ಯವಿಲ್ಲ" ಎಂಬ ಸಾಲು ವರದಿಯಿಂದ ವರದಿಗೆ ನಕಲಾಗುತ್ತಾ ಹೋಗುತ್ತದೆ. ಅಪೀಲು ಹಾಕುವುದು ಕಂಪನಿಯ ಹಕ್ಕು. ಆದರೆ ಹಾಕಿದ ಮಾತ್ರಕ್ಕೆ ಸಾಧ್ಯತೆ ಬದಲಾಗುವುದಿಲ್ಲ. ಕೆಳಗಿನ ನ್ಯಾಯಾಲಯ ಎಲ್ಲಿ ತಪ್ಪಿದೆ, ಮೇಲೆ ಅದು ಯಾಕೆ ನಿಲ್ಲುವುದಿಲ್ಲ ಎಂದು ವಕೀಲರು ಕಾರಣ ಕೊಟ್ಟು ಬರೆಯಬೇಕು. ಆ ಕಾರಣ ತೂಕದ್ದಾಗಿದ್ದರೆ ಮಾತ್ರ ಪ್ರಾವಿಷನ್ ಕಡಿಮೆ ಮಾಡಬಹುದು. ತಡೆಯಾಜ್ಞೆಗಾಗಿ ನ್ಯಾಯಾಲಯದಲ್ಲಿ ಇಟ್ಟ ಠೇವಣಿಯೂ ಹಾಗೆಯೇ. ಅದು ಆಸ್ತಿಯ ಬದಿಗೆ ಹೋಗುತ್ತದೆ, ಪ್ರಾವಿಷನ್ ತನ್ನ ಜಾಗದಲ್ಲೇ ಇರುತ್ತದೆ. ಠೇವಣಿ ಇಟ್ಟಿದ್ದೇವೆ, ಇನ್ನು ಪ್ರಾವಿಷನ್ ಯಾಕೆ ಎಂದು ಕೇಳುವವರು ಹೋಗುವ ಹಣವನ್ನು ಆಸ್ತಿ ಎಂದು ತೋರಿಸಿದ ಹಾಗಾಗುತ್ತದೆ.

ಎಲ್ಲ ಬಹಿರಂಗಪಡಿಸಿದರೆ ಎದುರು ಪಾರ್ಟಿಗೆ ಅಸ್ತ್ರ ಕೊಟ್ಟಂತೆ ಎಂಬ ವಾದವೂ ಇದೆ. ಇದರಲ್ಲಿ ನ್ಯಾಯ ಇಲ್ಲದಿಲ್ಲ, ನಿಯಮವೇ ಅದಕ್ಕೆ ಜಾಗ ಕೊಟ್ಟಿದೆ. ವಿವರ ಕೊಟ್ಟರೆ ಕೇಸಿಗೆ ಗಂಭೀರ ಹಾನಿ ಆಗುವ ಅಪರೂಪದ ಸಂದರ್ಭದಲ್ಲಿ ವಿವರ ಬಿಡಬಹುದು. ಆದರೆ ವಿವಾದ ಯಾವ ಬಗೆಯದ್ದು ಎಂದು ಹೇಳಲೇಬೇಕು, ವಿವರ ಯಾಕೆ ಕೊಟ್ಟಿಲ್ಲ ಎಂದೂ ಹೇಳಬೇಕು. ಈ ವಿನಾಯಿತಿ ಸಿಗುವುದು ಟಿಪ್ಪಣಿಯ ವಿವರಕ್ಕೆ. ಪ್ರಾವಿಷನ್ ಬರೆಯದೇ ಇರಲು ಅಲ್ಲ.

ಬ್ಯಾಂಕ್ ಷೇರು ಇಟ್ಟುಕೊಂಡವರಿಗೆ ಒಂದು ಮಾತು. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕುಗಳು ಹುಟ್ಟಿದ ಈ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಬ್ಯಾಂಕಿನ ವಾರ್ಷಿಕ ವರದಿ ಓದುವವರು ಜಾಸ್ತಿ. ಬ್ಯಾಂಕಿನ ಬ್ಯಾಲೆನ್ಸ್ ಶೀಟಿನ 12ನೇ ಶೆಡ್ಯೂಲಿನಲ್ಲಿ ಕಂಟಿಂಜೆಂಟ್ ಲಯಬಿಲಿಟಿ ಎಂದು ದೊಡ್ಡ ಮೊತ್ತ ಕಂಡು ಗಾಬರಿಯಾಗುವವರಿದ್ದಾರೆ. ಆ ಮೊತ್ತದೊಳಗೆ ಗ್ರಾಹಕರಿಗೆ ಕೊಟ್ಟ ಗ್ಯಾರಂಟಿ, ಲೆಟರ್ ಆಫ್ ಕ್ರೆಡಿಟ್, ವಿದೇಶಿ ವಿನಿಮಯದ ಮುಂಗಡ ಒಪ್ಪಂದ ಎಲ್ಲ ಸೇರಿರುತ್ತವೆ. ಅದು ಬ್ಯಾಂಕಿನ ದಿನನಿತ್ಯದ ವ್ಯವಹಾರ. ಕೇಸುಗಳಿಗಾಗಿ ನೋಡಬೇಕಾದದ್ದು ಅದರ ಮೊದಲ ಸಾಲು: ಸಾಲವೆಂದು ಒಪ್ಪಿಕೊಳ್ಳದ ಕ್ಲೇಮುಗಳು. ಇತರ ಕಂಪನಿಗಳ ಟಿಪ್ಪಣಿಯಲ್ಲೂ ಹೀಗೊಂದು ಸಾಲು ಇರುತ್ತದೆ.

ಆ ಸಾಲನ್ನು ಒಂದೇ ವರ್ಷದ ವರದಿಯಲ್ಲಿ ನೋಡಿದರೆ ಹೆಚ್ಚೇನೂ ತಿಳಿಯುವುದಿಲ್ಲ. ನಾಲ್ಕೈದು ವರ್ಷದ ವರದಿ ಪಕ್ಕಪಕ್ಕ ಇಟ್ಟು ಓದಿ. ಕೆಳಗಿನ ನ್ಯಾಯಾಲಯದಲ್ಲಿ ಸೋತ ಮೇಲೂ ಟಿಪ್ಪಣಿಯ ಒಂದು ಅಕ್ಷರವೂ ಬದಲಾಗಿಲ್ಲ, ಆದರೆ ನ್ಯಾಯಾಲಯದ ಠೇವಣಿ ಎಂದು ಆಸ್ತಿಯ ಬದಿಯಲ್ಲಿ ಹೊಸ ಮೊತ್ತ ಬಂದಿದೆ ಎಂದಾದರೆ, ಅಲ್ಲಿ ನಿಲ್ಲಿ. ಆಡಿಟರ ವರದಿಯನ್ನೂ ತೆರೆಯಿರಿ. ಬಾಕಿ ಇರುವ ಕೇಸುಗಳು ಕಂಪನಿಯ ಹಣಕಾಸು ಸ್ಥಿತಿಯ ಮೇಲೆ ಬೀರುವ ಪರಿಣಾಮವನ್ನು ಕಂಪನಿ ತಿಳಿಸಿದೆಯೇ ಎಂದು ಆಡಿಟರ್ ಹೇಳಲೇಬೇಕು. ಆಡಿಟ್ ನಿಯಮಗಳ 11ನೇ ನಿಯಮ ಅದನ್ನು ಕೇಳುತ್ತದೆ. ಅಲ್ಲಿ ಯಾವ ಟಿಪ್ಪಣಿಯ ಸಂಖ್ಯೆ ಕೊಟ್ಟಿದ್ದಾರೋ ಅದಕ್ಕೆ ಹೋಗಿ ನೋಡಿ.

ಸೆಪ್ಟೆಂಬರಿನ ಮಹಾಸಭೆಗಳಲ್ಲಿ ಊಟದ ವ್ಯವಸ್ಥೆ, ಡಿವಿಡೆಂಡ್ ಬಗ್ಗೆ ಪ್ರಶ್ನೆಗಳು ಧಾರಾಳ ಬರುತ್ತವೆ. ಇಂಥ ಕೇಸು ಇರುವ ಕಂಪನಿಯ ಷೇರುದಾರರು ಸಭೆಗೆ ಮೊದಲೇ ಲಿಖಿತವಾಗಿ ಒಂದು ಪ್ರಶ್ನೆ ಕಳುಹಿಸಲಿ: ಕಳೆದ ಮಾರ್ಚ್ 31ರಂದು ಈ ಕೇಸಿಗೆ ಪ್ರಾವಿಷನ್ ಬೇಡವೆಂದು ತೀರ್ಮಾನಿಸಿದ್ದು ಯಾವ ದಿನಾಂಕದ ವಕೀಲರ ಅಭಿಪ್ರಾಯದ ಮೇಲೆ? ಅದು ತೀರ್ಪಿಗೆ ಮೊದಲು ಬರೆದದ್ದೋ, ನಂತರ ಬರೆದದ್ದೋ?

ಇತಿ,
ನಿವೃತ್ತ ಲೆಕ್ಕಪರಿಶೋಧಕ
ಕೊಡಿಯಾಲ್‌ಬೈಲ್, ಮಂಗಳೂರು