ಮೇಜರ್ ರಿವಿಷನ್ ಬಂದ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ನಿದ್ದೆ, ನೆನಪಿನ ಮೇಲಿನ ನಿನ್ನ ಲೇಖನಕ್ಕೆ ಜರ್ನಲ್‌ನವರು ಮೇಜರ್ ರಿವಿಷನ್, ಅಂದರೆ ಸಾಕಷ್ಟು ತಿದ್ದಿ ಮತ್ತೆ ಕಳಿಸಿ, ಅಂದಿರುವುದು ತಿಳಿಯಿತು. ಮಿಕ್ಕದ್ದೆಲ್ಲ ಇರಲಿ. "ದೊಡ್ಡಪ್ಪ, ಮೇಜರ್ ರಿವಿಷನ್ ಅಂದರೆ ಬೇಡ ಅನ್ನೋದನ್ನೇ ನಯವಾಗಿ ಹೇಳಿದ ಹಾಗಲ್ಲವೇ? ವಾಪಸ್ ತಗೊಂಡು ಬೇರೆ ಜರ್ನಲ್‌ಗೆ ಕಳಿಸಿಬಿಡಲೇ?" ಅಂತ ಕೊನೆಯಲ್ಲಿ ಬರೆದಿದ್ದೀಯಲ್ಲ, ಆ ಸಾಲು ಬೆಳಗಿನಿಂದ ನನ್ನನ್ನು ಕಾಡುತ್ತಿದೆ.

ಅಲ್ಲ ಮಗೂ. ಬೇಡವಾದರೆ ಸಂಪಾದಕರು ಬೇಡ ಅಂತಲೇ ಬರೆಯುತ್ತಾರೆ, ಅದು ಅವರಿಗೆ ದಿನನಿತ್ಯದ ಕೆಲಸ. ನಿನಗೆ ಬಂದ ಪತ್ರದಲ್ಲಿ ಹಳೆಯ ಹಸ್ತಪ್ರತಿ ಸಂಖ್ಯೆಯೇ ಇದೆ, ತಿದ್ದಿ ಕಳಿಸಲು 90 ದಿನ ಕೊಟ್ಟಿದ್ದಾರೆ, ಯಾವುದು ಮುಖ್ಯ ಅಂತ ಸಂಪಾದಕರು ತಾವಾಗಿ ಎರಡು ಸಾಲು ಸೇರಿಸಿದ್ದಾರೆ. ತಿರಸ್ಕರಿಸಿ, ಬೇಕಾದರೆ ಹೊಸದಾಗಿ ಸಲ್ಲಿಸಿ ಅನ್ನುವ ಬಗೆಯೂ ಒಂದುಂಟು. ನಿನ್ನದು ಅದೂ ಅಲ್ಲ. ಒಪ್ಪಿಯೇ ಒಪ್ಪುತ್ತಾರೆ ಅಂತ ಮಾತ್ರ ನಾನು ಹೇಳಲಾರೆ.

ನಿನ್ನ ವಯಸ್ಸಿನಲ್ಲಿ ನನಗೂ ಇದೇ ಭಯ. ವಿಮರ್ಶಕರೊಬ್ಬರು "ಈ ದತ್ತಾಂಶದಿಂದ ಈ ತೀರ್ಮಾನಕ್ಕೆ ಬರಲಾಗದು" ಎಂದು ಬರೆದಿದ್ದರು. ಅವಮಾನವೆನಿಸಿತು. ವಾರದೊಳಗೆ ವಾಪಸ್ ಪಡೆದು, ಒಂದಕ್ಷರವೂ ತಿದ್ದದೆ ಇನ್ನೊಂದು ಜರ್ನಲ್‌ಗೆ ಕಳಿಸಿದೆ. ನಮ್ಮದು ಸಣ್ಣ ಕ್ಷೇತ್ರ. ಅಲ್ಲಿಯೂ ಪ್ರತಿ ಹೋದದ್ದು ಅವರ ಕೈಗೇ. ಹಳೆಯ ವರದಿಯನ್ನೇ ಕಳಿಸಿ, "ನಾನು ಹಿಂದೆ ಹೇಳಿದ ಯಾವುದನ್ನೂ ಲೇಖಕರು ಗಮನಿಸಿಲ್ಲ" ಎಂದು ಮೇಲೊಂದು ಸಾಲು ಬರೆದರು. ತಿರಸ್ಕಾರವಾಯಿತು. ನನಗಿಂತ ಹೆಚ್ಚು ನಷ್ಟವಾದದ್ದು ಸಹಲೇಖಕನಾಗಿದ್ದ ವಿದ್ಯಾರ್ಥಿಗೆ, ಅವನ ಪ್ರಬಂಧ ಒಂದು ವರ್ಷ ತಡವಾಯಿತು. ಅವನು ಒಂದು ಮಾತೂ ಆಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ನಿನ್ನ ಭಯದ ಬೇರು ಎರಡನೆಯ ವಿಮರ್ಶಕರ ಮಾತಿನಲ್ಲಿದೆ ಅನಿಸುತ್ತದೆ: ಅದೇ ಜನರನ್ನು ಆರು ತಿಂಗಳ ನಂತರ ಮತ್ತೆ ಪರೀಕ್ಷಿಸಿ ಅಂದಿದ್ದಾರೆ, ನಿನ್ನಿಂದ ಅದು ಆಗದು. ಆಗದು ಅಂತಲೇ ಬರೆಯಬಹುದು, ನಿನ್ನ ವಿಷಯದಲ್ಲಿ ತಲೆಹಾಕುತ್ತಿದ್ದರೆ ಕ್ಷಮಿಸು. ಆದರೆ ಅವರು ಯಾಕೆ ಕೇಳಿದರು ನೋಡು. ಒಂದೇ ಸಲ ಅಳೆದು "ನಿದ್ದೆಗೆಟ್ಟರೆ ನೆನಪು ಕುಂದುತ್ತದೆ" ಅಂದಿದ್ದೀಯ. ಅಷ್ಟರಿಂದಲೇ ನಿದ್ದೆಗೇಡೇ ಕಾರಣ ಅನ್ನಲಾಗದು. "ನಿದ್ದೆಗೆಟ್ಟವರಲ್ಲಿ ನೆನಪು ಕಡಿಮೆ ಕಂಡಿತು" ಅಂತ ಶೀರ್ಷಿಕೆ, ಸಾರಾಂಶ, ತೀರ್ಮಾನ ಮೂರರಲ್ಲೂ ತಿದ್ದು. ಮಿತಿಗಳ ಭಾಗದಲ್ಲಿ ಮರುಪರೀಕ್ಷೆ ಇಲ್ಲವೆಂದು ಒಪ್ಪಿಕೊಂಡು, ಉತ್ತರದಲ್ಲಿ ಪುಟ, ಸಾಲು ತೋರಿಸು. ಕಾರಣವನ್ನು ಸಾಧಿಸುವುದೇ ನಿನ್ನ ಲೇಖನದ ಜೀವಾಳವಾಗಿದ್ದರೆ ಮಾತು ಬೇರೆ. ಆಗ ವಾಪಸ್ ಪಡೆಯುವುದೂ ಸರಿಯೇ. ಅನುಮಾನವಿದ್ದರೆ, ಇಷ್ಟು ತಿದ್ದಿದರೆ ಪರಿಶೀಲಿಸುವಿರಾ ಅಂತ ಸಂಪಾದಕರನ್ನೇ ಕೇಳು. ವಾಪಸ್ ಪಡೆದದ್ದು ಲಿಖಿತವಾಗಿ ಖಚಿತವಾಗುವ ತನಕ ಮಾತ್ರ ಬೇರೆಲ್ಲೂ ಕಳಿಸಬೇಡ.

ನಯವಾಗಿ ಬೇಡ ಅಂದರು ಅಂತ ಮತ್ತೆ ಅನಿಸಿದರೆ ಸಂಪಾದಕರ ಆ ಎರಡು ಸಾಲು ಇನ್ನೊಮ್ಮೆ ಓದು. ಉತ್ತರದ ಕರಡು ನನಗೂ ಕಳಿಸು.

ನಿನ್ನ
ದೊಡ್ಡಪ್ಪ