ಭಾನುವಾರದ ಮಾಟುಂಗಾ ಕ್ಲಾಸಿಗೆ ಮುಂಚೆ: ಎರಡು ತ್ರಿಕೋನಗಳು

ಎಲ್ಲರಿಗೂ ನಮಸ್ಕಾರ. ವಾಶಿ ಮಾರ್ಕೆಟ್‌ನ ಮಾವಿನ ಲೆಕ್ಕದಲ್ಲಿ (ಅಂಕಿಗಳು ಸುಮ್ನೆ ಊಹೆ) ಬೆಲೆ P, ಪ್ರಮಾಣ Q ಆದರೆ ಬೇಡಿಕೆ P = 120 − 2Q, ಪೂರೈಕೆ P = 20 + 3Q. ಎರಡೂ ಸೇರುವಲ್ಲಿ Q = 20, P = 80.

ಗ್ರಾಹಕರ ಮಿಗುತಾಯ ಅಂದರೆ ಅವರು ಕೊಡೋಕೆ ತಯಾರಿದ್ದ ಬೆಲೆಗೂ ನಿಜವಾಗಿ ಕೊಟ್ಟ ಬೆಲೆಗೂ ಇರುವ ಅಂತರದ ಮೊತ್ತ. ಅದು ಬೆಲೆಗೆರೆಯ ಮೇಲೆ, ಬೇಡಿಕೆ ಗೆರೆಯ ಕೆಳಗೆ ಇರುವ ತ್ರಿಕೋನ: ½ × 20 × (120 − 80) = 400 ರೂಪಾಯಿ.

ಉತ್ಪಾದಕರ ಮಿಗುತಾಯ ಬೆಲೆಗೆರೆಯ ಕೆಳಗೆ, ಪೂರೈಕೆ ಗೆರೆಯ ಮೇಲೆ ಇರುವ ತ್ರಿಕೋನ. ಇದರಲ್ಲೇ ಜಾಸ್ತಿ ಜನ ಎಡವೋದು. ಎತ್ತರ 80 ಅಂತ ಹಿಡಿದು 800 ಬರೀತಾರೆ. ಆದರೆ ಪೂರೈಕೆ ಗೆರೆ ಸೊನ್ನೆಯಿಂದಲ್ಲ, 20ರಿಂದ ಶುರು ಅಲ್ವಾ? ಎತ್ತರ 60, ಉತ್ತರ 600.

ತಾಳೆ ನೋಡಿ: ಒಟ್ಟು ವಸೂಲಿ 80 × 20 = 1600. ಪೂರೈಕೆ ಗೆರೆಯ ಕೆಳಗಿನ ಜಾಗ 1000, ಅಂದರೆ ಬದಲಾಗುವ ವೆಚ್ಚ. ಕಳೆದರೆ ಅದೇ 600. ಇದನ್ನು ಲಾಭ ಅಂತ ಬರೀಬೇಡಿ, ಅಂಗಡಿ ಗಾಳಾದ ಬಾಡಿಗೆಯಂಥ ಸ್ಥಿರ ವೆಚ್ಚ ಇನ್ನೂ ಕಳೆದಿಲ್ಲ.