ಮಗುವಿನ ಹೆಸರಿನ ಅರ್ಥ ಬರೆಯುವವರ ಗಮನಕ್ಕೆ

ನಾಮಕರಣ ಪ್ರಮಾಣಪತ್ರದ ಫಾರ್ಮ್‌ನಲ್ಲಿ ಹೆಸರಿನ ಅರ್ಥವನ್ನು ಇಂಗ್ಲಿಷ್‌ನಲ್ಲಿ ಬರೆಯಲು ಒಂದೇ ಸಾಲು ಜಾಗವಿದೆ. ಎರಡು ಮೂರು ಪದ ಸಾಕು, ಕಥೆ ಬೇಡ.

ಜಾಸ್ತಿ ಗೊಂದಲ ಆಗೋದು ಇಂಚರ ಎಂಬ ಹೆಸರಿನಲ್ಲಿ. ಹಕ್ಕಿಯ ನೆನಪಾಗಿ ಹಲವರು ‘ಬರ್ಡ್’ ಎಂದು ಬರೆಯುತ್ತಾರೆ. ಇಂಚರ ಅಂದರೆ ಹಕ್ಕಿ ಅಲ್ಲ, ಇಂಪಾದ ದನಿ. ‘ಇನ್’ ಅಂದರೆ ಇನಿದು, ‘ಸರ’ ಅಂದರೆ ಸ್ವರ. ಹಾಗಾಗಿ ‘ಸ್ವೀಟ್ ಸೌಂಡ್’ ಸರಿ. ಹಕ್ಕಿ ಬೇಕೇ ಬೇಕು ಅನ್ನುವವರು ‘ಬರ್ಡ್‌ಸಾಂಗ್’ ಎನ್ನಬಹುದು, ನನಗೇನೋ ಮೊದಲನೆಯದೇ ಇಷ್ಟ.

ಸಿಂಚನಾಗೆ ಬರೀ ‘ಶವರ್’ ಬೇಡ, ಬಚ್ಚಲುಮನೆ ನೆನಪಾಗುತ್ತದೆ ಅಲ್ವಾ! ಅದು ಚಿಮುಕಿಸುವುದು, ‘ಸ್ಪ್ರಿಂಕ್ಲಿಂಗ್’. ಉಷಾ ‘ಡಾನ್’, ನಿಸರ್ಗ ‘ನೇಚರ್’, ಕವನ ‘ಪೊಯಮ್’. ಇವುಗಳಲ್ಲಿ ತಕರಾರಿಲ್ಲ.

ಬೇರೆ ಹೆಸರಿದ್ದರೆ ಕನ್ನಡ ಲಿಪಿಯಲ್ಲೇ ಇಲ್ಲಿ ಹಾಕಿ. ಇಂಗ್ಲಿಷ್ ಅಕ್ಷರದಲ್ಲಿ ಹಾಕಿದರೆ ದೀರ್ಘವೋ ಹ್ರಸ್ವವೋ ತಿಳಿಯುವುದಿಲ್ಲ.